ಚರ್ಮದ ಕೆಳಗಣ ಗಂಟುಗಳು: ಚೀಲಗಂಟು, ಕೊಬ್ಬಿನ ಗಂಟು, ಕುರು

ಬೆನ್ನು, ಕುತ್ತಿಗೆ, ಮುಖ ಮೊದಲಾದ ಕಡೆಗಳಲ್ಲಿ ಚರ್ಮದ ಕೆಳಗೆ ಏಳುವ ಉಬ್ಬುಗಳನ್ನೆಲ್ಲ ‘ಗಂಟು’ ಎಂಬ ಒಂದೇ ಹೆಸರಿನಿಂದ ಕರೆಯುವುದು ರೂಢಿ. ಆದರೆ ಎಪಿಡರ್ಮಾಯ್ಡ್ ಸಿಸ್ಟ್ ಎಂಬ ಚೀಲಗಂಟು, ಲಿಪೋಮಾ ಎಂಬ ಕೊಬ್ಬಿನ ಗಂಟು, ಇನ್ನೂ ಹಣ್ಣಾಗದ ಕುರು, ಈ ಮೂರೂ ಹುಟ್ಟಿನಲ್ಲಿಯೇ ಬೇರೆ ಬೇರೆ. ಅವುಗಳ ಲಕ್ಷಣಭೇದವೂ ಚಿಕಿತ್ಸಾಭೇದವೂ ಆ ಹುಟ್ಟಿನಿಂದಲೇ ಬಂದುವು.

ಹೊರಚರ್ಮದ ಜೀವಕೋಶಗಳು ದಿನದಿನವೂ ಒಣಗಿ ಹೊರಕ್ಕೆ ಉದುರುತ್ತಿರುವುವು. ರೋಮಕೂಪದ ಬಾಯಿ ಕಟ್ಟಿಕೊಂಡು ಅದರ ಮೇಲ್ಭಾಗವು ಚೀಲದಂತೆ ಹಿಗ್ಗಿದರೆ, ಆ ಚೀಲದ ಗೋಡೆಯ ಕೋಶಗಳು ಒಳಕ್ಕೇ ಉದುರಿ ಶೇಖರವಾಗುವುವು. ಗಿಣ್ಣಿನಂತೆ ಬೆಳ್ಳಗೆ ಮೆತ್ತಗಿರುವ, ದುರ್ವಾಸನೆಯುಳ್ಳ ಈ ವಸ್ತು ಕೆರಾಟಿನ್ ಎಂಬುದು. ಇದನ್ನು ಚರ್ಮದ ಜಿಡ್ಡೆಂದು ತಿಳಿಯುವುದು ಸರಿಯಲ್ಲ. ಗಂಟಿನ ನಡುವೆ ಕಾಣುವ ಕಪ್ಪು ಚುಕ್ಕೆಯು ಆ ರೋಮಕೂಪದ ಕಟ್ಟಿದ ಬಾಯಿಯೇ ಆಗಿದೆ. ಚುಕ್ಕೆಯಿದ್ದರೆ ಚೀಲಗಂಟೆಂಬುದಕ್ಕೆ ಅದು ಬಲವಾದ ಸಾಕ್ಷಿ. ಇಲ್ಲದ ಮಾತ್ರಕ್ಕೆ ಚೀಲಗಂಟಲ್ಲವೆಂದು ಹೇಳಲಾಗದು.

ಈ ಗಂಟು ಚುಕ್ಕೆಯ ಬಳಿ ಚರ್ಮಕ್ಕೆ ಅಂಟಿಕೊಂಡಿರುವುದರಿಂದ, ಮೇಲಿನ ಚರ್ಮವನ್ನು ಚಿವುಟಿ ಎತ್ತಿದರೆ ಗಂಟೂ ಜೊತೆಯಲ್ಲಿ ಏಳುವುದು. ಅಡಿಯ ಮಾಂಸದ ಮೇಲೆ ಮಾತ್ರ ಸಲೀಸಾಗಿ ಸರಿಯುವುದು. ಕೊಬ್ಬಿನ ಗಂಟಾದರೋ ಚರ್ಮದ ಕೆಳಗಣ ಕೊಬ್ಬಿನಲ್ಲಿ ಹುಟ್ಟಿದುದು. ಅದರ ಮೇಲಿನ ಚರ್ಮವು ಬಿಡುವಾಗಿರುವುದು, ಚುಕ್ಕೆ ಇರದು. ಮುಟ್ಟಿದರೆ ಹಿಟ್ಟಿನ ಮುದ್ದೆಯಂತೆ ಮೆತ್ತಗಿದ್ದು, ಅಂಚನ್ನು ಒತ್ತಿದಾಗ ಬೆರಳಿನ ಅಡಿಯಿಂದ ಜಾರಿಹೋಗುವುದು. ಇವೆರಡೂ ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಬೆಳೆಯತಕ್ಕವು, ಸಾಮಾನ್ಯವಾಗಿ ನೋವಿಲ್ಲ. ಕುರುವು ಕೆಲವೇ ದಿನಗಳಲ್ಲಿ ಏಳುವುದು. ಮೊದಲಲ್ಲಿ ಅದು ಕೆಂಪಾದ, ಬಿಸಿಯಾದ, ಮುಟ್ಟಲಾಗದಷ್ಟು ನೋಯುವ ಗಟ್ಟಿ ಬಾವು; ಕೀವು ಕೂಡಿದ ಮೇಲೆ ನಡುವೆ ಮೆತ್ತಗಾಗಿ, ಬೆರಳಿಟ್ಟರೆ ಒಳಗೆ ದ್ರವವು ತುಳುಕಿದಂತಾಗುವುದು.

ಕಷ್ಟ ತೋರುವುದು ಹಳೆಯ ಚೀಲಗಂಟು ಕೆರಳಿದಾಗ. ನಲವತ್ತು ವರ್ಷದ ರೈತನೊಬ್ಬನ ಬೆನ್ನಿನಲ್ಲಿ ಐದು ವರ್ಷಗಳಿಂದ ಅಡಕೆಯಷ್ಟು ಗಂಟೊಂದು ಇದ್ದಿತೆಂದು ಭಾವಿಸೋಣ. ಮೂಟೆ ಹೊತ್ತ ಮರುದಿನದಿಂದ ಅದು ನೋಯತೊಡಗಿ, ಮೂರು ದಿನಗಳಲ್ಲಿ ಎರಡರಷ್ಟು ದಪ್ಪವಾಗಿ ಕೆಂಪೇರಿತು. ಇದು ಹೊಸದಾಗಿ ಎದ್ದ ಕುರುವೇ? ಹಿಂದಿನಿಂದ ಇದ್ದ ಗಂಟು ಎಂಬ ವೃತ್ತಾಂತವೂ ನಡುವಣ ಚುಕ್ಕೆಯೂ ಅಲ್ಲವೆಂದು ಹೇಳುತ್ತವೆ. ಹಾಗಾದರೆ ಗಂಟಿಗೆ ಸೋಂಕು ತಗುಲಿತೇ? ಅದನ್ನೂ ಒಡನೆಯೇ ಹೇಳಲಾಗದು. ಅನೇಕ ವೇಳೆ ಆಗಿರುವುದಿಷ್ಟೆ: ಒತ್ತಡದಿಂದ ಚೀಲದ ಗೋಡೆ ಒಳಗೇ ಬಿರಿದು ಕೆರಾಟಿನ್ ಸುತ್ತಣ ಮಾಂಸಕ್ಕೆ ಸೋರಿದೆ, ದೇಹವು ಅದನ್ನು ಮುಳ್ಳು ಚುಚ್ಚಿದಂತೆ ಪರವಸ್ತುವೆಂದು ಬಗೆದು ಉರಿಯೂತವನ್ನು ಎಬ್ಬಿಸಿದೆ. ಕ್ರಿಮಿಗಳಿಲ್ಲದೆಯೇ ಕೆಂಪು, ಬಿಸಿ, ನೋವು, ಬಾವು ನಾಲ್ಕೂ ಬರಬಲ್ಲವು. ಸುರಿದುದರ ದುರ್ವಾಸನೆಯೂ ಸೋಂಕಿನ ಪ್ರಮಾಣವಲ್ಲ. ಅದು ಕೆರಾಟಿನ್ನಿಗೆ ಸಹಜವಾದುದು.

ಸೋಂಕನ್ನು ಶಂಕಿಸಬೇಕಾದುದು ಕೆಂಪು ಗಂಟಿನ ಎಲ್ಲೆಯನ್ನು ದಾಟಿ ದಿನದಿನಕ್ಕೆ ಹಬ್ಬಿದಾಗ. ಚರ್ಮದ ಮೇಲೆ ಮಸಿಯಿಂದ ಅಂಚನ್ನು ಗುರುತಿಸಿ ಮರುದಿನ ನೋಡಿದರೆ ಇದು ಸ್ಪಷ್ಟವಾಗುವುದು. ಜ್ವರ ಚಳಿ ಬರುವುದು, ಗಂಟಿನಿಂದ ಕೆಂಪು ಗೆರೆ ಹೊರಡುವುದು, ಕಂಕುಳಿನಲ್ಲಿಯೋ ತೊಡೆಸಂದಿನಲ್ಲಿಯೋ ಗಡ್ಡೆ ನೋಯುವುದು, ಒಳಗೆ ಕೀವು ತುಳುಕುವುದು, ಇವೂ ಅದನ್ನೇ ಸೂಚಿಸುವುವು. ಇವು ಕಂಡರೆ ವೈದ್ಯನಲ್ಲಿಗೆ ಹೋಗಲು ತಡಮಾಡಬಾರದು. ಮಧುಮೇಹವಿದ್ದವರೂ ಕಣ್ಣು ಮೂಗುಗಳ ಬಳಿ ಗಂಟಿರುವವರೂ ಇವುಗಳಿಗಾಗಿ ಕಾಯಲೇಬಾರದು.

ನಮ್ಮ ರೈತನಿಗೆ ಜ್ವರವಿಲ್ಲ, ಕೆಂಪು ಹಬ್ಬಿಲ್ಲ ಎಂದಿಟ್ಟುಕೊಂಡರೆ, ಬಿಸಿನೀರಿನ ಬಟ್ಟೆಯ ಶಾಖವೂ ವೈದ್ಯನ ಕಣ್ಗಾವಲೂ ಮೊದಲಿಗೆ ಸಾಕು. ಕೀವು ತುಳುಕಿದರೆ ಕೊಯ್ದು ಹೊರಗೆಡಹಬೇಕು. ಆಗ ಬರಿಯ ಔಷಧದ ಮಾತ್ರೆ ಕೆಲಸಕ್ಕೆ ಬಾರದು. ಹಿಸುಕುವುದಂತೂ ಕೂಡದು: ಚೀಲ ಇನ್ನಷ್ಟು ಬಿರಿದು ಕೆರಾಟಿನ್ ಆಳಕ್ಕೆ ಹರಡುವುದು. ಕೀವು ತೆಗೆದರೂ ಚೀಲದ ಗೋಡೆ ಉಳಿದಿದ್ದರೆ ಗಂಟು ಮರಳಿ ತುಂಬಿಕೊಳ್ಳಬಹುದು. ಆದರೆ ಕೆರಳಿದ ಕಾಲದಲ್ಲಿ ಗೋಡೆಯು ಸುತ್ತಣ ಮಾಂಸಕ್ಕೆ ಅಂಟಿ ಚಿಂದಿಯಾಗಿರುವುದರಿಂದ, ಬಾವು ಇಳಿದ ೪-೬ ವಾರಗಳ ಮೇಲೆ ಅದನ್ನು ಇಡಿಯಾಗಿ ಬಿಡಿಸಿ ತೆಗೆಯುವುದು ವಾಡಿಕೆ.

ಬೆರಳಿನ ಪರೀಕ್ಷೆಗೂ ಮಿತಿಯುಂಟು. ಕೀವು ಕೂಡಿದೆಯೋ ಇಲ್ಲವೋ ಎಂಬ ಸಂದೇಹವನ್ನು ಅಲ್ಟ್ರಾಸೌಂಡ್ ಪರೀಕ್ಷೆ ಬಗೆಹರಿಸಬಲ್ಲುದು. ಕೊಬ್ಬಿನ ಗಂಟೆಂದು ತೋರಿದುದು ೫ ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ, ಬೇಗ ಬೆಳೆಯುತ್ತಿದ್ದರೆ, ಗಟ್ಟಿಯಾಗಿ ಆಳದ ಮಾಂಸಕ್ಕೆ ಅಂಟಿದ್ದರೆ, ಅದು ಬೇರೆಯೇ ಜಾತಿಯ ಗೆಡ್ಡೆಯಾಗಿರಬಹುದು; ಅಂಥದನ್ನು ಚಿತ್ರಪರೀಕ್ಷೆ ಮಾಡಿಸದೆ ಕೊಯ್ಯಲಾಗದು.