ಇಳಿಯುವ ಮುನ್ನ ಒಂದು ಮಾತು

ಪ್ರವಾಸದ ಬಸ್ಸು ಬೇಲೂರು ತಲುಪುತ್ತದೆ. ಬಾಗಿಲು ತೆರೆದು ಅರ್ಧ ಜನ ಇಳಿದ ಮೇಲೆ ಗೈಡ್ ಕೂಗುತ್ತಾರೆ: "ಮುಕ್ಕಾಲು ಗಂಟೇಲಿ ಬಂದ್ಬಿಡಿ, ಬಸ್ಸು ಇಲ್ಲೇ ಇರತ್ತೆ!" ಹಿಂದಿನ ಸೀಟಿನ ಅಜ್ಜಿಗೆ ಅದು ಕೇಳಿಸಿರುವುದಿಲ್ಲ. ಕೇಳಿಸಿದವರಿಗೂ ಮುಕ್ಕಾಲು ಗಂಟೆ ಯಾವಾಗಿನಿಂದ ಲೆಕ್ಕ ಎಂಬುದು ತಿಳಿಯುವುದಿಲ್ಲ.

ವಯಸ್ಸಾದಂತೆ ಕಿವಿಗೆ ಮೊದಲು ಮಸುಕಾಗುವುದು ಕೀರಲು, ತೆಳು ಸದ್ದುಗಳು. ಎಂಜಿನ್ನಿನ ಗದ್ದಲದಲ್ಲಿ ಮಾತು ಕೇಳಿಸಿದರೂ ಅಕ್ಷರ ಬಿಡಿಸಿಕೊಳ್ಳುವುದು ಕಷ್ಟ. ಅದಕ್ಕೆ ಕಿರುಚಿ ಪ್ರಯೋಜನವಿಲ್ಲ. ಎಂಜಿನ್ ನಿಲ್ಲಿಸಿ, ಬಾಗಿಲು ತೆರೆಯುವ ಮೊದಲೇ, ಜನರಿಗೆ ಮುಖ ಕೊಟ್ಟು ನಿಧಾನವಾಗಿ ಹೇಳಬೇಕು.

ಹೇಳುವ ಹೊತ್ತು ಒಂದೇ ಇರಲಿ. "ಹನ್ನೊಂದಕ್ಕೆ ಸೇರಿ, ಹನ್ನೊಂದೂಕಾಲಿಗೆ ಹೊರಡೋದು" ಎಂದರೆ ನೆನಪಿನಲ್ಲಿ ಉಳಿಯುವುದು ಎರಡನೆಯದೇ ಆಗಬಹುದು. ಸೇರುವ ಹೊತ್ತನ್ನಷ್ಟೇ ಹೇಳಿ, ಹೊರಡುವ ಹೊತ್ತನ್ನು ಡ್ರೈವರಿಗೆ ಮಾತ್ರ ತಿಳಿಸಿದರೆ ಸಾಕು.

ಸೇರುವ ಜಾಗ ಬಸ್ಸಾಗಬಾರದು. ಜನರನ್ನು ಇಳಿಸಿದ ಮೇಲೆ ಬಸ್ಸು ಬೇರೆ ಕಡೆ ನಿಲ್ಲಬೇಕಾಗಬಹುದು. ಪಕ್ಕದಲ್ಲಿ ಅದೇ ಬಣ್ಣದ ಇನ್ನೊಂದು ಬಸ್ಸೂ ಬಂದು ನಿಂತಿರಬಹುದು. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟ ಜಾಗವೇ ಒಳ್ಳೆಯದು. ಅಲ್ಲಿಗೆ ಎಲ್ಲರೂ ಮರಳಲೇಬೇಕು. ಅಲ್ಲಿಂದ ಗೈಡ್ ಒಟ್ಟಿಗೆ ಬಸ್ಸಿಗೆ ಕರೆದೊಯ್ಯಲಿ.

ಸೀಟಿನ ನಿಯಮವನ್ನು ಪ್ರತಿ ನಿಲ್ದಾಣದಲ್ಲೂ ಬದಲಿಸಬಾರದು. ಮಂಡಿನೋವಿನವರಿಗೆ ಬಾಗಿಲ ಹತ್ತಿರದ ಸೀಟು ಕೊಟ್ಟು, ಪ್ರವಾಸ ಮುಗಿಯುವವರೆಗೂ ಅದನ್ನೇ ಉಳಿಸಬೇಕು. ಮಿಕ್ಕವರ ಸೀಟು ದಿನಕ್ಕೊಮ್ಮೆ ಬದಲಾಗುವುದಿದ್ದರೆ ಬೆಳಿಗ್ಗೆ ಹತ್ತುವ ಮೊದಲೇ ಹೇಳಿ, ಸೀಟಿನ ಬೆನ್ನಿಗೆ ದಪ್ಪಕ್ಷರದ ಹೆಸರಿನ ಚೀಟಿ ಅಂಟಿಸಬೇಕು.

ಬೇಲೂರಿನಲ್ಲಿ ಹೀಗೆ ಹೇಳಬಹುದು:

"ಎಲ್ಲರೂ ಸ್ವಲ್ಪ ಕೂತ್ಕೊಂಡೇ ಕೇಳಿ. ಈಗ ಹತ್ತು ಗಂಟೆ. ಹನ್ನೊಂದು ಗಂಟೆಗೆ ಚಪ್ಪಲಿ ಬಿಟ್ಟ ಜಾಗಕ್ಕೆ ಬನ್ನಿ. ನಾನು ಕೆಂಪು ಬಾವುಟ ಹಿಡಿದು ನಿಂತಿರ್ತೀನಿ. ಬಸ್ಸಿಗೆ ಒಟ್ಟಿಗೆ ಹೋಗೋಣ. ನಿಮ್ಮ ನಿಮ್ಮ ಸೀಟಲ್ಲೇ ಕೂರಿ. ಇನ್ನೊಂದು ಸಲ ಹೇಳ್ತೀನಿ: ಹನ್ನೊಂದು ಗಂಟೆ, ಚಪ್ಪಲಿ ಜಾಗ."

ಆಮೇಲೆ "ಗೊತ್ತಾಯ್ತಾ?" ಎಂದು ಕೇಳಿದರೆ ಕೇಳಿಸದವರೂ ತಲೆಯಾಡಿಸುತ್ತಾರೆ. "ಅಜ್ಜಿ, ಎಷ್ಟು ಗಂಟೆಗೆ ಬರ್ತೀರಿ? ಎಲ್ಲಿಗೆ?" ಎಂದು ಹಿಂದಿನ ಸಾಲಿನವರನ್ನು ಕೇಳಿ, ಉತ್ತರ ಅವರ ಬಾಯಿಂದಲೇ ಬರಲಿ. ಹೊತ್ತು, ಜಾಗ, ಬಸ್ಸಿನ ನಂಬರು, ಗೈಡಿನ ಫೋನ್ ನಂಬರು ಬರೆದ ಚೀಟಿ ಪ್ರತಿಯೊಬ್ಬರ ಕೈಯಲ್ಲೂ ಇದ್ದರೆ ಮರೆತವರಿಗೆ ಆಧಾರ.

"ತಡವಾದ್ರೆ ಬಿಟ್ಟು ಹೋಗ್ತೀವಿ" ಎಂದು ಮಾತ್ರ ಹೇಳಬಾರದು. ಆ ಹೆದರಿಕೆಗೆ ಹಿರಿಯರು ಕಲ್ಲಿನ ಮೆಟ್ಟಿಲ ಮೇಲೆ ಅವಸರ ಮಾಡಿ ಬೀಳುತ್ತಾರೆ. "ತಡವಾದ್ರೆ ಚಪ್ಪಲಿ ಜಾಗದಲ್ಲೇ ನಿಂತಿರಿ, ನಾನು ಬಂದು ಕರ್ಕೊಂಡು ಹೋಗ್ತೀನಿ" ಎನ್ನಬೇಕು. ಹಾಗೆಂದ ಮೇಲೆ ಸಾಲು ಸಾಲಾಗಿ ತಲೆ ಎಣಿಸದೆ ಬಸ್ಸು ಹೊರಡಬಾರದು.