ಮೇಲ್ಮಹಡಿಗೆ ಮುನ್ನ ಒಂದು ಸಂದೇಶ

30x40 ನಿವೇಶನದ ಹಳೆಯ ಮನೆಯ ಮೇಲೆ ಇನ್ನೊಂದು ಮಹಡಿ ಕಟ್ಟಬೇಕೆಂದಾಗ ಕಂಟ್ರಾಕ್ಟರ್ ಮೊದಲು ಮನೆ ನೋಡಲು ಬರುತ್ತಾರೆ. ಅದಕ್ಕೂ ಮುನ್ನ ಕಳಿಸುವ ಸಂದೇಶದಲ್ಲಿ ದಿನ, ಗಂಟೆ ಮಾತ್ರ ಇದ್ದರೆ ಬಂದವರು ತಾರಸಿ ಬೀಗದ ಮುಂದೆ ನಿಂತು ಹಿಂದಿರುಗಬೇಕಾಗುತ್ತದೆ. ಉಪಯೋಗಕ್ಕೆ ಬರುವ ಸಂದೇಶ ಹೀಗಿರುತ್ತದೆ:

“ನಮಸ್ಕಾರ ಸರ್. ಶನಿವಾರ ಬೆಳಿಗ್ಗೆ 9ಕ್ಕೆ ಎಂಜಿನಿಯರ್ ಜೊತೆ ಬರುತ್ತೇನೆ, ಎರಡು ಗಂಟೆ ಬೇಕು. ಮಂಜೂರಾದ ಪ್ಲಾನ್, ಸ್ಟ್ರಕ್ಚರಲ್ ಡ್ರಾಯಿಂಗ್ ಎರಡೂ ತೆಗೆದಿಟ್ಟಿರಿ, ಜೆರಾಕ್ಸ್ ಆದರೂ ಸಾಕು. ತಾರಸಿ ಕೀ ಬೇಕು. ಕೆಳಗಿನ ಬಾಡಿಗೆಯವರಿಗೆ ರೂಮು ನೋಡುತ್ತೇವೆಂದು ಹೇಳಿಡಿ. ಮುಂದಿನ ಮೂಲೆ ಪಿಲ್ಲರ್ ಪಕ್ಕ ಗುಂಡಿ ತೆಗೆದು ಪಾಯ ನೋಡಬೇಕು, ಒಪ್ಪಿಗೆ ತಿಳಿಸಿ. ನೀರಿನ ಪೈಪು ಎಲ್ಲಿ ಹೋಗಿದೆ ಗೊತ್ತಿದ್ದರೆ ಹೇಳಿ. ಡ್ರಾಯಿಂಗ್ ಸಿಗದಿದ್ದರೆ ಮೊದಲೇ ಒಂದು ಮಾತು ತಿಳಿಸಿ.”

ಎರಡು ನಕ್ಷೆಗಳನ್ನೂ ಹೆಸರಿಸಿ ಕೇಳುವುದಕ್ಕೆ ಕಾರಣವಿದೆ. ಅನೇಕ ಮಾಲೀಕರು ಮಂಜೂರಾದ ಪ್ಲಾನನ್ನಷ್ಟೇ ತಂದಿಡುತ್ತಾರೆ. ಅದರಲ್ಲಿ ಕೋಣೆಗಳ ಅಳತೆ, ಸುತ್ತ ಬಿಡಬೇಕಾದ ಜಾಗ ಇರುತ್ತದೆ. ಮನೆ ಎಷ್ಟು ಭಾರ ಹೊರಬಲ್ಲದು ಎಂಬುದು ಅದರಿಂದ ತಿಳಿಯುವುದಿಲ್ಲ. ಪಿಲ್ಲರ್, ಬೀಮ್, ಫುಟಿಂಗ್‌ಗಳ ಅಳತೆ ಮತ್ತು ಕಂಬಿಯ ವಿವರ ಇರುವುದು ಸ್ಟ್ರಕ್ಚರಲ್ ಡ್ರಾಯಿಂಗ್‌ನಲ್ಲಿ. ಮೂಲಪ್ರತಿಗಳು ಸಾಲ ಕೊಟ್ಟ ಬ್ಯಾಂಕಿನಲ್ಲಿ ಇರಬಹುದಾದ್ದರಿಂದ ಎರಡು ಮೂರು ದಿನ ಮೊದಲೇ ಕೇಳುವುದು ಒಳ್ಳೆಯದು.

ಡ್ರಾಯಿಂಗ್ ಇದ್ದರೂ ಗುಂಡಿ ಬೇಕು, ಏಕೆಂದರೆ ಬರೆದದ್ದೇ ಕಟ್ಟಲಾಗಿದೆ ಎಂಬ ಖಾತರಿ ಇಲ್ಲ. ಡ್ರಾಯಿಂಗ್‌ನಲ್ಲಿ ಫುಟಿಂಗ್ 4 ಅಡಿ ಚೌಕ, ಪಿಲ್ಲರ್ 1 ಅಡಿ ಚೌಕ ಎಂದಿದೆ ಎನ್ನೋಣ. ಪಿಲ್ಲರ್ ನಡುವೆ ಕೂತಿದ್ದರೆ ಅದರ ಮುಖದಿಂದ ಫುಟಿಂಗ್ ಒಂದೂವರೆ ಅಡಿ ಹೊರಚಾಚಿರಬೇಕು. ಒಂದು ಬದಿ ಮಾತ್ರ ಅಗೆದಾಗ ಒಂದೇ ಅಡಿ ಸಿಕ್ಕರೆ, ಫುಟಿಂಗ್ 3 ಅಡಿ ಚೌಕದ್ದಿರಬಹುದೆಂದು ಶಂಕಿಸಬೇಕು. ಆಗ ನೆಲಕ್ಕೆ ಊರುವ ಜಾಗ 16 ಚದರ ಅಡಿಯ ಬದಲು 9 ಮಾತ್ರ. ಅದೇ ಭಾರಕ್ಕೆ ಮಣ್ಣಿನ ಮೇಲಿನ ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಗುಂಡಿಯನ್ನು ಕೈಯಿಂದಲೇ, ಮಳೆಯಿಲ್ಲದ ದಿನ ತೆಗೆಯಬೇಕು. ಫುಟಿಂಗ್‌ನ ತಳಕ್ಕಿಂತ ಕೆಳಗೆ ಇಳಿಯಲೇಬಾರದು. ಒಂದು ಗುಂಡಿ ಒಂದು ಪಿಲ್ಲರಿನ ಸಂಗತಿಯನ್ನಷ್ಟೇ ಹೇಳುತ್ತದೆ. ಸಂಶಯ ಬಂದರೆ ಇನ್ನೊಂದು ತೆಗೆಯಬೇಕಾಗುತ್ತದೆ.

ತಾರಸಿಯಲ್ಲಿ ನೋಡುವುದು ಮುಂದಿನ ಮಹಡಿಗೆಂದು ಬಿಟ್ಟ ಪಿಲ್ಲರ್ ಕಂಬಿಗಳನ್ನು. ಬರಿಯ ಕಂಬಿ ವರ್ಷಗಟ್ಟಲೆ ಮಳೆಗೆ ನೆನೆದಿದ್ದರೆ ತುಕ್ಕು ಹಪ್ಪಳದಂತೆ ಏಳುತ್ತದೆ, ಉಜ್ಜಿದಾಗ ಕಂಬಿ ಸಣ್ಣದಾಗಿರುವುದು ಕಾಣುತ್ತದೆ. ಕೆಳಗಿನ ಕೋಣೆಗಳಲ್ಲಿ ಬೀಮಿನ ಬಿರುಕು, ಸೀಲಿಂಗಿನ ನೀರಿನ ಕಲೆ ನೋಡಲು ಹಗಲ ಬೆಳಕು ಬೇಕು. ಬೆಳಗಿನ ಹೊತ್ತು ಗೊತ್ತುಮಾಡುವುದು ಅದಕ್ಕಾಗಿ.

ಡ್ರಾಯಿಂಗೂ ಇಲ್ಲ, ಗುಂಡಿಗೂ ಒಪ್ಪಿಗೆ ಇಲ್ಲ ಎಂದಾದರೆ ಆ ಭೇಟಿಯಲ್ಲಿ ಅಳತೆ ಮಾತ್ರ ತೆಗೆದುಕೊಳ್ಳಬಹುದು. ಅಂದು ಹೇಳುವ ಚದರ ಅಡಿ ದರವನ್ನು ಮಾಲೀಕರು ನೆಚ್ಚಬಾರದು.