ಗೆಳತಿಗಾಗಿ ಬರೆಯುವ ರೆಫರಲ್

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನೌಕರರು ಖಾಲಿ ಹುದ್ದೆಗೆ ಪರಿಚಯದವರನ್ನು ಸೂಚಿಸುವುದು ಮಾಮೂಲು. ಸೂಚಿಸಿದವರು ಸೇರಿ ಕೆಲವು ತಿಂಗಳು ಉಳಿದರೆ ಹಲವು ಕಡೆ ಬೋನಸ್ಸೂ ಉಂಟು. ಅದಕ್ಕೇ ಏನೋ, 'ತುಂಬಾ ಶ್ರಮಜೀವಿ, ಒಳ್ಳೆಯ ಸ್ವಭಾವ' ಎಂಬ ಹೊಗಳಿಕೆಗೆ ಎಚ್‌ಆರ್ ವಿಭಾಗದಲ್ಲಿ ಕಿಮ್ಮತ್ತಿಲ್ಲ.

ಬರೆಯುವ ಮೊದಲು ಹುದ್ದೆಯ ಪ್ರಕಟಣೆ ಓದಿ. ಅರ್ಹತೆಗಳು ಹತ್ತಿದ್ದರೂ ಕಡ್ಡಾಯವಾದವು ಎರಡೋ ಮೂರೋ. ಸಾಫ್ಟ್‌ವೇರ್ ಟೆಸ್ಟರ್ ಹುದ್ದೆಯೊಂದಕ್ಕೆ 3 ವರ್ಷದ ಅನುಭವ, ಸೆಲೆನಿಯಂ, ಬ್ಯಾಂಕಿಂಗ್ ತಿಳಿವಳಿಕೆ ಬೇಕು ಎನ್ನೋಣ. ಟಿಪ್ಪಣಿ ಹೀಗಿರಬಹುದು:

"ಹಿಂದಿನ ಕಂಪನಿಯಲ್ಲಿ ನಾವಿಬ್ಬರೂ 2 ವರ್ಷ ಒಂದೇ ತಂಡದಲ್ಲಿದ್ದೆವು. ಇವರಿಗೆ ಟೆಸ್ಟಿಂಗ್‌ನಲ್ಲಿ 4 ವರ್ಷದ ಅನುಭವವಿದೆ. ಕೈಯಿಂದ ಮಾಡುತ್ತಿದ್ದ ಲಾಗಿನ್ ಪರೀಕ್ಷೆಗಳನ್ನು ಸೆಲೆನಿಯಂಗೆ ತಂದವರು ಇವರೇ; ರೆಸ್ಯೂಮೆಯ ಎರಡನೇ ಪ್ರಾಜೆಕ್ಟ್ ಅದು. ಬ್ಯಾಂಕಿಂಗ್‌ನಲ್ಲಿ ನೇರವಾಗಿ ದುಡಿದಿಲ್ಲ, ವಿಮಾ ಕಂಪನಿಯ ಪಾವತಿ ವಿಭಾಗವನ್ನು ಪರೀಕ್ಷಿಸಿದ್ದಾರೆ."

ಕೊನೆಯ ವಾಕ್ಯವೇ ನನಗೆ ಮುಖ್ಯ. ಇಲ್ಲದ್ದನ್ನು ಇದೆ ಎಂದರೆ ಸಂದರ್ಶನದ ಮೊದಲ ಪ್ರಶ್ನೆಗಳಲ್ಲೇ ಬಯಲಾಗುತ್ತದೆ, ಬರೆದವರ ಮಾತಿಗೂ ಬೆಲೆ ಇಳಿಯುತ್ತದೆ. ಕಣ್ಣಾರೆ ಕಂಡದ್ದು ಯಾವುದು, ರೆಸ್ಯೂಮೆಯಲ್ಲಿ ಓದಿದ್ದು ಯಾವುದು ಎಂಬುದೂ ತಿಳಿಯಬೇಕು. ಟಿಪ್ಪಣಿಯಲ್ಲಿ 4 ವರ್ಷ, ರೆಸ್ಯೂಮೆಯಲ್ಲಿ ಮೂರೂವರೆ ಎಂದಿದ್ದರೆ ಎರಡರ ಮೇಲೂ ಅನುಮಾನ ಬರುತ್ತದೆ.

ಇಷ್ಟಾದರೂ ಟಿಪ್ಪಣಿ ರೆಸ್ಯೂಮೆಯನ್ನು ಓದಿಸಬಲ್ಲದೇ ಹೊರತು ಕೆಲಸ ಕೊಡಿಸಲಾರದು. ಕಳಿಸುವ ಮುನ್ನ ಗೆಳತಿಯನ್ನು ಒಂದು ಮಾತು ಕೇಳಿ: ಇದೇ ಹುದ್ದೆಗೆ ಕನ್ಸಲ್ಟೆನ್ಸಿ ಮೂಲಕ ಆಗಲೇ ಅರ್ಜಿ ಹೋಗಿದೆಯೇ? ಹೋಗಿದ್ದರೆ ಅನೇಕ ಕಂಪನಿಗಳು ನಿಮ್ಮ ರೆಫರಲ್ ಪರಿಗಣಿಸುವುದಿಲ್ಲ.